ಚಿತ್ರ ಹಿಡಿದಿಟ್ಟೆ, ಓದಲಿಲ್ಲ

ನಾನು ಓದಿದ್ದು ನಾಲ್ಕನೇ ಇಯತ್ತೆ. ಕನ್ನಡ ಓದುತ್ತೇನೆ, ಆದರೆ ನಿಧಾನ. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಇದು ಅರ್ಧ ಕಾರಣ. ಉಳಿದರ್ಧ ನಾನೇ.

ಫೋನು ಕೈಗೆ ಬಂದಾಗ ಸ್ಕ್ರೀನ್‌ಶಾಟ್ ಹಿಡಿಯುವುದನ್ನು ನನ್ನ ಸೊಸೆ ಕಲಿಸಿದಳು. ಅವಳು ಮಾಸೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೇಲಿನವರು ಗ್ರೂಪಿನಲ್ಲಿ ದಿನಕ್ಕೆ ಇಪ್ಪತ್ತು ಸಂದೇಶ ಹಾಕುತ್ತಾರೆ: ತೂಕ ಮಾಡಿ, ಫೋಟೋ ಕಳಿಸಿ, ಮೀಟಿಂಗಿಗೆ ಬನ್ನಿ. ಅವಳು ಎಲ್ಲವನ್ನೂ ಟಪ್ ಎಂದು ಚಿತ್ರ ಹಿಡಿದು ಇಟ್ಟುಕೊಳ್ಳುತ್ತಾಳೆ. ದನಿ ಕಡಿಮೆ ಮಾಡುವ ಗುಂಡಿ, ಬಂದ್ ಮಾಡುವ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದರೆ ಆಯಿತು, ಪರದೆಯ ಮೇಲೆ ಕಂಡದ್ದು ಕಂಡಂತೆ ಚಿತ್ರವಾಗಿ ಉಳಿಯುತ್ತದೆ. ನನಗೆ ಅದು ಬಹಳ ಹಿಡಿಸಿತು. ಮದಗದ ಕೆರೆಯ ಕಾಲುವೆಗೆ ನೀರು ಬಿಡುವ ದಿನ, ಕರೆಂಟು ಹೋಗುವ ಹೊತ್ತು, ಯಾರೋ ಕಳಿಸಿದ ಮಂಡಿನೋವಿನ ಔಷಧಿ, ಸಂಘದ ಹೆಂಗಸರು ಹಾಕುವ ಗುಲಾಬಿ ಹೂವಿನ ಶುಭೋದಯ, ಎಲ್ಲವನ್ನೂ ಹಿಡಿದೆ. ಓದಲು ಬಂದರೂ ಹಿಡಿದೆ, ಬಾರದಿದ್ದರೂ ಹಿಡಿದೆ. ಬಾರದ್ದನ್ನು ಸೊಸೆ ಬಂದ ಮೇಲೆ ಓದಿಸಿದರಾಯಿತು ಎಂದುಕೊಳ್ಳುತ್ತಿದ್ದೆ. ಅವಳು ಬರುವ ಹೊತ್ತಿಗೆ ಒಲೆಯ ಮುಂದೆ ಇರುತ್ತಿದ್ದೆ, ಮರೆತಿರುತ್ತಿದ್ದೆ. ಹಿಡಿದಿಟ್ಟ ಮೇಲೆ ಆ ಕೆಲಸ ಮುಗಿದಂತೆ ಅನಿಸಿಬಿಡುತ್ತಿತ್ತು.

"ಅತ್ತಿ, ಇಷ್ಟೆಲ್ಲಾ ಹಿಡದು ಏನ್ ಮಾಡ್ತೀರ್ರಿ? ಹಪ್ಪಳ ಏನು, ಒಣಗಿಸಿ ಡಬ್ಬಿಗೆ ತುಂಬಾಕ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ನೀ ಹಿಡಿಯೂದಿಲ್ಲೇನ?"

"ನಾ ಹಿಡಿದಿದ್ದನ್ನ ತಗದು ನೋಡ್ತೇನ್ರಿ."

ಅದು ನಿಜವಾಗಿತ್ತು.

ನನ್ನ ಬೆನ್ನಿಗೆ ಬಿದ್ದವಳು ನನ್ನ ತಂಗಿ. ಒಂದೇ ಪಾಟಿಯ ಮೇಲೆ ಇಬ್ಬರೂ ಬರೆದವರು. ಅವಳನ್ನೂ ನಾಲ್ಕಕ್ಕೇ ಬಿಡಿಸಿದರು. ಹಾನಗಲ್ಲಿಗೆ ಕೊಟ್ಟರು. ಅವಳ ಮಗಳ ಲಗ್ನ ಎರಡು ವರ್ಷದ ಹಿಂದೆ ಆಯಿತು, ಸವಣೂರಿನ ಹುಡುಗನ ಜೊತೆ. ಆ ಲಗ್ನಕ್ಕೆ ನಾನು ಹೋಗಲಿಲ್ಲ.

ನಮ್ಮ ಕಡೆ ಒಡಹುಟ್ಟಿದವಳನ್ನು ಲಗ್ನಕ್ಕೆ ಕರೆಯಬೇಕಾದರೆ ಮನೆಯ ಹೆಣ್ಣುಮಗಳೇ ಬರಬೇಕು. ಹೊಸ್ತಿಲು ದಾಟಿ ಬಂದು, ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಕಿಕಾಳು ಕೊಟ್ಟು, ನಾಲ್ಕು ದಿನ ಮೊದಲೇ ಬಾ ಎನ್ನಬೇಕು. ಪತ್ರಿಕೆ ಊರವರಿಗೆ, ಕುಂಕುಮ ಒಡಹುಟ್ಟಿದವರಿಗೆ. ಮದುಮಗಳಿಗೆ ಅರಿಷಿಣ ಹಚ್ಚುವಾಗ ಮೊದಲ ಕೈ ದೊಡ್ಡವ್ವನದು, ಅದು ನಮ್ಮ ತವರಿನ ಪದ್ಧತಿ. ತಂಗಿಗೆ ಇದೆಲ್ಲ ಗೊತ್ತಿತ್ತು. ಅವಳ ಲಗ್ನದಲ್ಲಿ ನಮ್ಮ ದೊಡ್ಡವ್ವ ಬಂದು ಕೂಡುವ ತನಕ ಅರಿಷಿಣದ ಬಟ್ಟಲು ಮುಟ್ಟಿರಲಿಲ್ಲ.

ಆದರೆ ನನ್ನ ಮನೆಗೆ ಬಂದದ್ದು ತಂಗಿಯ ಗಂಡ. ಅವನ ಜೊತೆ ಬೀಗರ ಕಡೆಯವನೊಬ್ಬ. ಅಂಗಳದಲ್ಲೇ ನಿಂತು ಪತ್ರಿಕೆ ಚಾಚಿದ.

"ಆಕಿ ಎಲ್ಲಿ?" ಎಂದೆ.

"ಆಕಿಗೆ ಸ್ವಲ್ಪ ಆರಾಮಿಲ್ರಿ ಅಕ್ಕಾರ. ಫೋನಿನ್ಯಾಗ ಎಲ್ಲಾ ಹಾಕ್ಯಾಳಲ್ಲ?" ಎಂದು ಜೊತೆಗಿದ್ದವನ ಕಡೆ ಒಮ್ಮೆ ನೋಡಿದ. ನಾನು ಅದನ್ನು ಅವಸರ ಎಂದು ತಿಳಿದೆ.

"ಅಕ್ಕನ್ನ ಫೋನಿನ್ಯಾಗ ಕರಿಯೂದು ಎಂದಿನಿಂದ ಶುರು ಮಾಡೀರಿ?"

ಅವನು ಚಹಾ ಬೇಡ ಎಂದು ಹೊರಟುಹೋದ. ಪತ್ರಿಕೆಯನ್ನು ನಾನು ಜಂತಿಗೆ ಸಿಕ್ಕಿಸಿದೆ. ಲಗ್ನಕ್ಕೆ ನಮ್ಮ ಮನೆಯಿಂದ ಯಾರೂ ಹೋಗಕೂಡದು ಎಂದೆ. ನನ್ನ ಗಂಡ ಏನೂ ಅನ್ನಲಿಲ್ಲ. ಅವರು ನಲವತ್ತೈದು ವರ್ಷದಿಂದ ಏನೂ ಅಂದಿಲ್ಲ.

ಲಗ್ನ ಮುಗಿದು ತಿಂಗಳಾದ ಮೇಲೆ ಹಿರೇಕೆರೂರಿನ ಸಂತೆಯಲ್ಲಿ ಒಬ್ಬಳು ಸಿಕ್ಕು, "ನಿನ್ನ ತಂಗಿ ಗಂಟಲದ ಆಪರೇಶನ್ ಆಗೈತೆಲ್ಲ, ಈಗ ಹೆಂಗದಾಳ?" ಎಂದು ಕೇಳಿದಳು. ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳ ಹಾಗೆ "ಆರಾಮದಾಳ" ಎಂದು ಬದನೆಕಾಯಿ ಆರಿಸಿದೆ. ಮನೆಗೆ ಬಂದ ಮೇಲೆ ಸಿಟ್ಟು ಎರಡಾಯಿತು. ಸಂತೆಗೆ ಗೊತ್ತಿರುವ ಸುದ್ದಿ ಸ್ವಂತ ಅಕ್ಕನಿಗೆ ಇಲ್ಲ. ಅವತ್ತೇ ಫೋನು ತೆಗೆದು ಅವಳ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದು, ಮೇಲೆ ಬಂದ ಕಸದ ಡಬ್ಬಿಯ ಚಿತ್ರ ಮುಟ್ಟಿ, ನಮ್ಮಿಬ್ಬರ ನಡುವೆ ಬಂದುಹೋದ ಸಂದೇಶವನ್ನೆಲ್ಲ ಅಳಿಸಿ ಹಾಕಿದೆ. ಅಳಿಸುವುದನ್ನು ಯಾರೂ ಕಲಿಸಿರಲಿಲ್ಲ. ಸಿಟ್ಟು ಕಲಿಸಿತು.

ಒಂದೂವರೆ ವರ್ಷ ಮಾತಿಲ್ಲದೆ ಹೋಯಿತು.

ಈ ವರ್ಷ ಶಿಗ್ಗಾಂವಿಯಲ್ಲಿ ನಮ್ಮ ಬಳಗದವರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ತಂಗಿ ಬರುವುದಿಲ್ಲ ಎಂದು ವಿಚಾರಿಸಿಕೊಂಡೇ ಹೋಗಿದ್ದೆ. ಅವಳ ಮಗಳು ಬರುತ್ತಾಳೆಂದು ಯಾರೂ ಹೇಳಿರಲಿಲ್ಲ. ಊಟದ ಸಾಲಿನಲ್ಲಿ ಬಂದು ನನ್ನ ಪಕ್ಕಕ್ಕೇ ಕುಳಿತಳು. ತಂಗಿಯದೇ ಮೂಗು, ತಂಗಿಯದೇ ಹಟ.

"ದೊಡ್ಡವ್ವಾ, ಒಂದು ಕೇಳತೇನಿ. ಓದಿ ಯಾಕ ಸುಮ್ನ ಕುಂತಿ?"

"ಏನ್ ಓದಿ?"

"ನಾ ಬರದಿದ್ದು. ಅವ್ವನ ಆಪರೇಶನ್ ಆಗಿದ್ದು, ಆಕಿ ಬರಾಕ ಆಗೂದಿಲ್ಲ ಅಂದಿದ್ದು, ಎಲ್ಲಾ ಬರದು ಹಾಕಿದ್ನೆಲ್ಲ. ನೀ ನೋಡಿದ್ದಕ್ಕ ಎರಡು ನೀಲಿ ಗೆರಿ ಬಂದಾವ. ಅವ್ವ ದಿನಾ ಆ ಗೆರಿ ನೋಡ್ಕೊಂತ ಕುಂದರತಿದ್ಲು. ಅಕ್ಕ ಓದ್ಯಾಳ, ಬರತಾಳ ಅಂತ."

"ಸುಳ್ಳು ಹೇಳಬ್ಯಾಡ. ನನಗ ಏನೂ ಬಂದಿಲ್ಲ."

"ನನ್ನ ಹೆಬ್ಬೆರಳಿಂದ ನಾನ ಒತ್ತೇನಿ ದೊಡ್ಡವ್ವಾ."

"ಹಂಗಾರ ತೋರಸು."

ಅವಳು ತೋರಿಸಲಿಲ್ಲ. ತೋರಿಸಲು ಇರಲಿಲ್ಲ. ಸಂದೇಶ ಹೋದದ್ದು ತಂಗಿಯ ಫೋನಿನಿಂದ. ಆ ಫೋನು ಕಳೆದ ಮಳೆಗಾಲದಲ್ಲಿ ನೀರಿನ ಹೌದಿಗೆ ಬಿದ್ದು ಸತ್ತಿತ್ತು. ಹೊಸ ಫೋನಿಗೆ ಹಳೆಯದು ಯಾವುದೂ ಬರಲಿಲ್ಲವಂತೆ. "ನಿನ್ನ ಫೋನಿನ್ಯಾಗ ಇರಬೇಕು, ನೀನ ನೋಡ್ಕೊ" ಎಂದು ಎಲೆ ಮಡಚಿ ಎದ್ದಳು. ಹೋಳಿಗೆ ಹಾಗೆಯೇ ಉಳಿದಿತ್ತು.

ಬಸ್ಸಿನಲ್ಲಿ ಬರುವಾಗ ಒಂದೇ ವಿಚಾರ. ಸಂದೇಶ ಬಂದಿದ್ದರೆ ತಪ್ಪು ನನ್ನದು. ಬರದಿದ್ದರೆ ಅವರದು. ಬಂದಿಲ್ಲ ಎಂದು ನನಗೆ ಖಾತ್ರಿಯಿತ್ತು. ಆದರೂ ಹಿರೇಕೆರೂರಿನಲ್ಲಿ ಬಸ್ಸು ಬದಲಿಸುವಾಗ, ಅಂಗಳದಲ್ಲಿ ತಂಗಿಯ ಗಂಡ ಹೇಳಿದ ಮಾತು ನೆನಪಾಯಿತು. ಫೋನಿನ್ಯಾಗ ಎಲ್ಲಾ ಹಾಕ್ಯಾಳಲ್ಲ. ಎಲ್ಲಾ ಎಂದರೆ ಏನು ಎಂದು ನಾನು ಆಗ ಕೇಳಿರಲಿಲ್ಲ.

ಮರುದಿನ ಭಾನುವಾರ. ಸೊಸೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಫೋನು ಅವಳ ಮುಂದಿಟ್ಟೆ.

"ಅಳಿಸಿದ್ದು ತಿರುಗಿ ಬರತೈತೇನು ನೋಡು."

"ಯಾವುದು?"

ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಅದು ಹೋತ್ರಿ. ಅಳಿಸಿ ವರ್ಷದ ಮ್ಯಾಲ ಆತು. ಆವಾಗ ನನ್ನ ಒಂದು ಮಾತು ಕೇಳಬೇಕಿತ್ತು."

"ಆವಾಗ ಕೇಳಿದ್ರ ನೀ ಅಳಸಾಕ ಬಿಡತಿದ್ದಿಲ್ಲ."

"ಬಿಡತಿದ್ದಿಲ್ಲ," ಎಂದಳು. ಫೋನು ಕೈಗೆ ತೆಗೆದುಕೊಂಡು, "ಅತ್ತಿ, ನೀವು ಕಂಡಿದ್ದೆಲ್ಲಾ ಹಿಡೀತೀರಿ. ಇದನ್ನೂ ಹಿಡದಿದ್ರ? ಅಲ್ಲಿ ಸಂದೇಶ ಅಳಿಸಿದ್ರ ಇಲ್ಲಿ ಚಿತ್ರ ಹೋಗೂದಿಲ್ರಿ. ಇದು ಬ್ಯಾರೆ, ಅದು ಬ್ಯಾರೆ" ಎಂದಳು.

ಫೋಟೋ ಇರುವ ಕಡೆ ಹೋಗಿ ಸ್ಕ್ರೀನ್‌ಶಾಟಿನ ಕಟ್ಟು ತೆರೆದಳು. ಎರಡು ಸಾವಿರದ ಮೇಲೆ ಇದ್ದವು. ಬೆರಳಿಂದ ಒಮ್ಮೆ ಸರಿಸಿದರೆ ಗುಲಾಬಿ, ದೀಪ, ಗುಲಾಬಿ, ಬಸ್ಸಿನ ವೇಳೆ, ಗುಲಾಬಿ.

"ಇಷ್ಟರಾಗ ಒಂದೊಂದ ನೋಡಿಕೊಂತ ಕುಂತ್ರ ಸಂಕ್ರಾಂತಿ ಬರತೈತಿ," ಎಂದೆ. ಮನಸ್ಸಿನಲ್ಲಿ ಹಗುರವೂ ಆಯಿತು, ಹುಡುಕಲು ಆಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು ಎಂದು.

"ಒಂದೊಂದ ಯಾಕ ನೋಡಬೇಕ್ರಿ? ನಾ ಆಫೀಸಿಂದು ದಿನಾ ಹಿಂಗ ಹುಡುಕ್ತೇನಲ್ಲ." ಮೇಲಿನ ಭೂತಗನ್ನಡಿಯ ಗುರುತು ಮುಟ್ಟಿದಳು. ಬರೆಯುವ ಜಾಗ ಬಂತು. "ಇಲ್ಲೆ ಒಂದು ಮಾತು ಹಾಕಬೇಕು. ಯಾವ ಚಿತ್ರದಾಗ ಆ ಮಾತು ಬರದೈತಿ, ಅವನ್ನಷ್ಟ ತಗದು ತೋರಸತೈತಿ."

"ಚಿತ್ರದಾಗಿಂದು ಅದಕ್ಕ ಹೆಂಗ ತಿಳೀತೈತಿ?"

"ಓದತೈತ್ರಿ."

"ಫೋನು ಓದತೈತೇನು?"

"ಹೂನ್ರಿ. ನೀವು ಓದದಿದ್ರೂ ಅದು ಓದಿ ಇಟ್ಟಿರತೈತಿ."

ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ಚುಚ್ಚಿತು.

"ತಂಗಿ ಸಿಟ್ಟು ಅಂತ ಹಾಕು," ಎಂದೆ.

ಸೊಸೆ ನಕ್ಕಳು. "ಸಿಟ್ಟು ನಿಮ್ಮ ಹೊಟ್ಟ್ಯಾಗ ಐತ್ರಿ, ಚಿತ್ರದಾಗ ಇಲ್ಲ. ಅಲ್ಲಿ ಏನ್ ಬರದಿರತಾರ, ಆ ಮಾತು ಹೇಳ್ರಿ."

ಫೋನಿನಲ್ಲಿ ತಂಗಿಯ ಹೆಸರನ್ನು ನಾನು ಕನ್ನಡದಲ್ಲಿ ಹಾನಗಲ್ ಎಂದಷ್ಟೇ ಬರೆದುಕೊಂಡಿದ್ದೆ. ಸಂದೇಶದ ಚಿತ್ರವಾದರೆ ಮೇಲ್ಗಡೆ ಆ ಹೆಸರು ಇದ್ದೇ ಇರಬೇಕು ಎಂದು ಸೊಸೆ ಮೊದಲು ಅದನ್ನೇ ಕನ್ನಡದಲ್ಲಿ ಹಾಕಿದಳು. ಏನೂ ಬರಲಿಲ್ಲ.

"ನೋಡು, ಇಲ್ಲ," ಎಂದೆ.

"ತಡೀರಿ. ನಮ್ಮ ಫೋನಿಗೆ ಕನ್ನಡ ಅಕ್ಷರ ಒಮ್ಮೆ ಸಿಗತಾವ, ಒಮ್ಮೆ ಸಿಗೂದಿಲ್ಲ. ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ." ಇಂಗ್ಲಿಷ್ ಅಕ್ಷರದಲ್ಲಿ ಅದೇ ಊರ ಹೆಸರು ಹಾಕಿದಳು. ಬಸ್ಸಿನ ವೇಳೆಯ ಫಲಕ ನಾಲ್ಕು, ಸೀರೆ ಅಂಗಡಿಯ ಜಾಹೀರಾತು ಒಂದು. ಇಂಗ್ಲಿಷ್ ಅಕ್ಷರದಲ್ಲಿ ಲಗ್ನ ಎಂದು ಹಾಕಿದಳು. ಯಾರದೋ ಮರಾಠಿ ಮನೆಯ ಪತ್ರಿಕೆ ಬಂತು, ಗ್ರಹಬಲದ್ದೊಂದು ಬಂತು. ಒಂದೊಂದು ಸಲವೂ ಕತ್ತು ಚಾಚಿ ನೋಡುತ್ತಿದ್ದೆ. ತಂಗಿಯ ಸಂದೇಶ ಇಲ್ಲ ಎಂದು ಕಂಡಾಗ ಉಸಿರು ಬಿಡುತ್ತಿದ್ದೆ.

"ಸಾಕು ಬಿಡು. ಅಕ್ಕಿ ಹಸನು ಮಾಡು."

"ಆ ಹುಡುಗಿ ಶಿಗ್ಗಾಂವ್ಯಾಗ ಏನಂದ್ಲು? ಆಪರೇಶನ್ ಬಗ್ಗೆ ಬರದಿದ್ದೆ ಅಂದ್ಲಲ್ಲ. ಹಂಗಾರ ಡಾಕ್ಟರ್ ಅನ್ನೂ ಮಾತು ಇರಬೇಕು," ಎಂದು ಸೊಸೆ ಆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದಳು.

ಏಳು ಚಿತ್ರ ಬಂದವು. ಮಂಡಿನೋವಿನದು, ಸಕ್ಕರೆ ಕಾಯಿಲೆಯದು, ಒಂದು ಆಸ್ಪತ್ರೆಯ ಶಿಬಿರದ್ದು. ಏಳನೆಯದು ಬರೀ ಅಕ್ಷರ, ಹಸಿರು ಇಲ್ಲ, ಹೂವಿಲ್ಲ, ಇಂಗ್ಲಿಷ್ ಅಕ್ಷರ ತುಂಬಿದ ಬಿಳಿ ಚೌಕ. ಅದರ ತಲೆಯ ಮೇಲೆ ನಾನು ಬರೆದ ಹೆಸರು: ಹಾನಗಲ್.

ಕಂಡ ಕೂಡಲೇ ನೆನಪಾಯಿತು. ಯಾರೂ ಓದಿ ಹೇಳುವ ಮೊದಲೇ ನೆನಪಾಯಿತು. ಸೊಸೆ ತರಬೇತಿಗೆಂದು ಮೂರು ದಿನ ರಟ್ಟೀಹಳ್ಳಿಗೆ ಹೋಗಿದ್ದಳು. ಮಧ್ಯಾಹ್ನ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಫೋನು ಗುಂಯ್ ಎಂದಿತು. ತೆರೆದರೆ ಉದ್ದಕ್ಕೆ ಇಂಗ್ಲಿಷು. ಇವಳಿಗೇನು ಬಂತು, ನನಗೆ ಬಾರದ್ದು ಗೊತ್ತಿದ್ದೂ ಕಳಿಸಿದ್ದಾಳೆ ಎಂದು ಬೈದುಕೊಂಡು, ಎರಡು ಗುಂಡಿ ಒತ್ತಿ ಹಿಡಿದಿಟ್ಟು, ಮತ್ತೆ ಶೇಂಗಾ ಸುಲಿದೆ. ಸೊಸೆ ಬಂದಳು. ನಾನು ತೋರಿಸಲಿಲ್ಲ. ಆಮೇಲೆ ತಂಗಿಯ ಗಂಡ ಬಂದು ಫೋನಿನ್ಯಾಗ ಎಂದಾಗ, ನೆನಪಾಗಬೇಕಾದ್ದು ನೆನಪಾಗಲಿಲ್ಲ. ಸಿಟ್ಟಷ್ಟೇ ಬಂತು.

ಸೊಸೆ ಚಿತ್ರ ಹಿಡಿದ ದಿನವನ್ನು ತೆಗೆದು ನೋಡಿದಳು. ಲಗ್ನಕ್ಕೆ ಇಪ್ಪತ್ತೆರಡು ದಿನ ಮುಂಚೆ.

"ಇಂಗ್ಲಿಷ್ ಅಲ್ರಿ ಇದು. ಕನ್ನಡಾನ. ಅಕ್ಷರ ಅಷ್ಟ ಇಂಗ್ಲಿಷು. ಈಗಿನ ಹುಡುಗೂರು ಹಿಂಗ ಒತ್ತತಾರ. ಓದಲಿ?"

"ಓದು."

ಅವಳು ಓದಿದಳು.

"ದೊಡ್ಡವ್ವಾ, ಅವ್ವ ಹುಬ್ಬಳ್ಳಿ ಆಸ್ಪತ್ರ್ಯಾಗ ಅದಾಳ. ಗಂಟಲದಾಗಿನ ಗಂಟು ತಗದಾರ. ಡಾಕ್ಟರ್ ಹದಿನೈದು ದಿನ ಒಂದು ಮಾತೂ ಆಡಬ್ಯಾಡ ಅಂದಾರ, ಬಸ್ಸಿನ ಧೂಳಿನ್ಯಾಗ ಹೋಗಬ್ಯಾಡ ಅಂದಾರ. ಅದಕ್ಕ ಅವ್ವ ಕೈಸನ್ನಿ ಮಾಡಿ ಹೇಳಾಕತ್ತಾಳ, ನಾ ಬರಿಯಾಕತ್ತೇನಿ. ನಾ ಫೋನ್ ಮಾಡತೇನಿ ಅಂದ್ರ ಬ್ಯಾಡ ಅಂತಾಳ. ದೊಡ್ಡವ್ವ ಬಯ್ಯಾಕ ಶುರು ಮಾಡಿದ್ರ ಮುಂದಿಂದು ಕೇಳೂದಿಲ್ಲ, ಬರದು ಹಾಕು ಅಂತಾಳ. ಕುಂಕುಮ ತಗೊಂಡು ನಾನ ನಿನ್ನ ಹೊಸ್ತಿಲಿಗೆ ಬರಬೇಕಿತ್ತು, ಬರಾಕ ಆಗೂದಿಲ್ಲ, ಇದನ್ನ ಬಂದಂಗ ತಿಳ್ಕೊ ಅಂತ ಹೇಳಾಕತ್ತಾಳ. ಅಪ್ಪ ಪತ್ರಿಕಿ ಕೊಡಾಕ ಬರತಾನ, ಅವನ ಕೂಡ ಬೀಗರು ಇರತಾರ, ಅವರ ಮುಂದ ಆಪರೇಶನ್ ಸುದ್ದಿ ತಗೀಬ್ಯಾಡ. ಇಂಥಾ ಹೊತ್ತಿನ್ಯಾಗ ಮಂದಿ ಏನೇನರ ಅಂದ್ಕೊಂತಾರ. ಅರಿಷಿಣಕ್ಕ ನಿನ್ನ ಕೈಯ ಮೊದಲು. ನೀ ಬರೂತನಾ ಬಟ್ಟಲಾ ಮುಟ್ಟೂದಿಲ್ಲ ಅಂತ ಹೇಳಾಕತ್ತಾಳ. ಇನ್ನ ಮುಂದಿಂದು ಅವ್ವ ತಾನ ಒತ್ತತಾಳಂತ..."

ಸೊಸೆ ನಿಲ್ಲಿಸಿದಳು.

"ಮುಂದ?"

"ಮುಂದ ಇಲ್ರಿ."

ಅವಳು ಚಿತ್ರದ ತುದಿಗೆ ಬೆರಳಿಟ್ಟು ತೋರಿಸಿದಳು. ಮೂರು ಚುಕ್ಕಿ, ಅದರ ಪಕ್ಕ ಬಣ್ಣದ ಎರಡು ಇಂಗ್ಲಿಷ್ ಮಾತು. "ಇದು ಮುಂದ ಓದು ಅಂತ. ಉದ್ದ ಬರದಿದ್ರ ಅರ್ಧಾನ ತೋರಸತೈತಿ. ಇದನ್ನ ಒತ್ತಿದ್ರ ಪೂರಾ ಬಿಚ್ಚಿಕೊಳ್ಳತೈತಿ. ಒತ್ತಿ, ಪೂರಾ ಬಂದ ಮ್ಯಾಲ ಹಿಡೀಬೇಕಿತ್ರಿ."

"ಈಗ ಒತ್ತು."

"ಅತ್ತಿ..."

ನಾನೇ ಫೋನು ಕಸಿದುಕೊಂಡು ಆ ಬಣ್ಣದ ಮಾತಿನ ಮೇಲೆ ಒತ್ತಿದೆ. ಏನೂ ಆಗಲಿಲ್ಲ. ಎರಡು ಸಲ ಒತ್ತಿದೆ. ಅಕ್ಷರ ದೊಡ್ಡದಾಯಿತು. ಇನ್ನೂ ಒತ್ತಿದೆ, ಸಣ್ಣದಾಯಿತು.

"ಅದು ಚಿತ್ರ ಐತ್ರಿ. ಚಿತ್ರ ಬಿಚ್ಚಿಕೊಳ್ಳೂದಿಲ್ಲ."

ಮುಂದಿನದನ್ನು ಬೇರೆಯಾಗಿ ಹಿಡಿದಿರಬಹುದೇನೋ ಎಂದು ಸೊಸೆ ಬಿಡದೆ ಹುಡುಕಿದಳು. ಅಕ್ಕ ಎಂದು ಹಾಕಿದಳು, ಅವ್ವ ಎಂದು ಹಾಕಿದಳು, ಗಂಟಲ, ಆಸ್ಪತ್ರೆ, ಹುಬ್ಬಳ್ಳಿ. ಬಂದರೆ ಅದೇ ಒಂದು ಚಿತ್ರ ಬರುತ್ತಿತ್ತು. ಆ ದಿನದ ಆಚೀಚೆ ಹಿಡಿದದ್ದನ್ನೂ ಒಂದೊಂದಾಗಿ ಸರಿಸಿ ನೋಡಿದಳು. ಗುಲಾಬಿ. ನಾನು ಹಿಡಿಯದ್ದು ಅದರಲ್ಲಿ ಇರಲು ಹೇಗೆ ಸಾಧ್ಯ?

ತಂಗಿಯ ಮಗಳಿಗೆ ಫೋನು ಹಚ್ಚಿಸಿದೆ. ಸಂದೇಶ ಸಿಕ್ಕಿತು, ನಿನ್ನ ಮಾತು ಖರೆ ಎಂದು ಹೇಳಿದೆ.

"ಮುಂದಿಂದು ಏನ್ ಬರದಿದ್ಲು ನಿಮ್ಮವ್ವ?"

"ನನಗ ಗೊತ್ತಿಲ್ಲ ದೊಡ್ಡವ್ವಾ. ನೀರು ತಗೊಂಡು ಬಾ ಅಂತ ನನ್ನ ಹೊರಗ ಕಳಿಸಿದ್ಲು. ಒಂದು ತಾಸು ಕುಂತು ಒತ್ತಿದ್ಲು. ತೋರಸು ಅಂದ್ರ ಫೋನು ಸೆರಗಿನ್ಯಾಗ ಇಟಗೊಂಡ್ಲು."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಹಾನಗಲ್ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ತಂಗಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಹರವಿ, ಚುಂಗು ಸರಿಮಾಡಿ, ಆಮೇಲೆ ಬಂದಳು.

"ಬಾ," ಎಂದಳು. ಆ ದನಿ ಕೇಳಿ ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ದನಿಯಲ್ಲ ಅದು, ಗಾಳಿ. ನಮ್ಮ ಓಣಿಯಲ್ಲಿ ಅವಳು ಕೂಗಿದರೆ ಊರ ಅಗಸಿ ಬಾಗಿಲ ತನಕ ಕೇಳುತ್ತಿತ್ತು.

"ದನಿ ತಿರುಗಿ ಬರಲಿಲ್ಲೇನು?"

"ಇಷ್ಟ ಬಂತು."

ಒಳಗೆ ಕುಳಿತೆವು. ಫೋನು ತೆಗೆದು ಚಿತ್ರ ತೋರಿಸಿದೆ. ಅವಳು ಓದಲಿಲ್ಲ, ಮೇಲಿಂದ ನೋಡಿದಳು.

"ನನಗ ಈ ಅಕ್ಷರ ಬರೂದಿಲ್ಲ ಅಂತ ನಿನಗ ಗೊತ್ತಿತ್ತು," ಎಂದೆ. ಕ್ಷಮೆ ಕೇಳಲೆಂದು ಬಂದವಳು ಮೊದಲು ಆಡಿದ ಮಾತು ಇದು.

"ಗೊತ್ತಿತ್ತು. ನಿನ್ನ ಸೊಸಿಗೆ ಬರತೈತೆಲ್ಲ. ಮನ್ಯಾಗ ಓದಾವರು ಇದ್ರಲ್ಲ."

"ತೋರಿಸಲಿಲ್ಲ ನಾ."

"ಹೂಂ."

"ಮರತೆ."

"ಹೂಂ. ಎರಡು ನೀಲಿ ಗೆರಿ ಬಂದಿದ್ದು ನೋಡಿ, ಅಕ್ಕ ಓದಿದ್ಲು ಅಂತ ತಿಳಿದೆ ನಾ. ಓದಿ ಬರಲಿಲ್ಲ ಅಂತ ತಿಳಿದೆ."

"ಅರಿಷಿಣ ಯಾರು ಹಚ್ಚಿದ್ರು?"

"ಎರಡು ತಾಸು ಬಟ್ಟಲಾ ಇಟಗೊಂಡು ಕುಂತಿದ್ದಿವಿ. ಹೊತ್ತು ಮೀರತೈತಿ ಅಂದ್ರು. ಹುಡುಗನ ಕಡ್ಯಾಕಿ ಒಬ್ಬಾಕಿ ಹಚ್ಚಿದ್ಲು."

ಅವಳು ಎದ್ದು ನೀರು ತಂದಳು. ನಾನು ಕುಡಿದೆ. ಮುಂದೆ ಓದು ಎಂದಿದ್ದ ಜಾಗವನ್ನು ತೋರಿಸಿ ಕೇಳಿದೆ. "ಇದರ ಮುಂದ ನೀ ಏನ್ ಒತ್ತಿದ್ದಿ?"

"ಅದ್ಯಾಕ ಈಗ?"

"ನನಗ ಬೇಕು."

"ಅಷ್ಟ ಹಿಡದಿಲ್ಲೇನು?" ಎಂದು ನಕ್ಕಳು. ನಗುವಿಗೆ ಸಪ್ಪಳವೇ ಇರಲಿಲ್ಲ, ಹಲ್ಲು ಕಂಡಿತು. "ಅದನ್ನ ಕನ್ನಡದಾಗ ಒತ್ತಿದ್ದೆ ಅಕ್ಕಾ. ಆ ಹುಡುಗಿ ಕಡೆ ಕನ್ನಡ ಅಕ್ಷರ ಬರೂವಂಗ ಮಾಡಿಸಿಕೊಂಡು, ಆಕಿನ್ನ ಹೊರಗ ಕಳಿಸಿದೆ. ನಿನ್ನ ಸೊಸಿ ಓದೂದು ಬ್ಯಾಡ ಅಂತ. ನೀನ ಓದ್ಲಿ ಅಂತ. ಒಂದೊಂದ ಅಕ್ಷರ ಹುಡುಕಿ ಒತ್ತಬೇಕು, ಒತ್ತಕ್ಷರ ಬರವಲ್ದು. ಸಾಕಾತು."

ನಾನು ಶೇಂಗಾ ಸುಲಿಯುತ್ತ ಕುಳಿತಿದ್ದಾಗ, ಒಂದು ಬೆರಳು ಮುಟ್ಟಿದ್ದರೆ, ಆ ಇಂಗ್ಲಿಷಿನ ಕೆಳಗೆ ನನಗೆ ಬರುವ ಅಕ್ಷರ ಇದ್ದವು. ಯಾರ ಸಹಾಯವೂ ಬೇಕಿರಲಿಲ್ಲ.

"ಏನ್ ಬರದಿದ್ದಿ?"

ಅವಳು ಬಾಗಿಲ ಕಡೆ ನೋಡಿ ಹೇಳಿದಳು. "ತಗದ ಗಂಟನ್ನ ಪರೀಕ್ಷಾಕ್ಕ ಕಳಿಸಿದ್ರು. ಬುಧವಾರ ರಿಪೋರ್ಟ್ ಬರತೈತಿ ಅಂದಿದ್ರು. ಕೆಟ್ಟ ಗಂಟು ಇದ್ರ ಲಗ್ನ ಆಗೂತನಾ ಯಾರಿಗೂ ಹೇಳೂದಿಲ್ಲ ಅಂತ ಮಾಡಿದ್ದೆ. ಮನ್ಯಾವರಿಗೂ ಹೇಳಿದ್ದಿಲ್ಲ. ಅವತ್ತೊಂದ ದಿನ ನೀ ನನ್ನ ಕೂಡ ಕುಂದ್ರು ಅಂತ ಬರದಿದ್ದೆ. ಏನೂ ಮಾತಾಡೂದು ಬ್ಯಾಡ, ಹೆಂಗೂ ನನಗ ಬರೂದಿಲ್ಲ, ಬಂದು ಕುಂದ್ರು ಅಂತ."

"ಯಾರು ಕುಂತಿದ್ರು?"

"ಯಾರೂ ಇಲ್ಲ. ಹುಡುಗಿನ್ನ ಔಷಧಿ ತರಾಕ ಕಳಿಸಿ ನಾ ಒಬ್ಬಾಕೀನ ಕೆಳಗ ಹೋದೆ. ಕಿಟಕಿ ಮುಂದ ಮಂದಿ ಬಾಳ ಇದ್ರು. ನನ್ನ ಹೆಸರು ಕೂಗಿದ್ರು. ಓ ಅನ್ನಾಕ ಬರೂದಿಲ್ಲ. ಕೈ ಎತ್ತಿದೆ, ಕಾಣಲಿಲ್ಲ ಅವರಿಗೆ. ಮತ್ತ ಕೂಗಿದ್ರು. ಇಲ್ಲ ಅಂತ ತಿಳಿದು ಚೀಟಿ ಕೆಳಗ ಹಾಕಿದ್ರು. ಕಡೀಕ ಎಲ್ಲಾರೂ ಹೋದ ಮ್ಯಾಲ ಹೋಗಿ ಚೀಟಿ ತೋರಿಸಿ ಇಸಗೊಂಡೆ."

"ಏನ್ ಬಂದಿತ್ತು?"

"ಚಲೋ ಬಂದಿತ್ತು. ಏನೂ ಇಲ್ಲ ಅಂದ್ರು." ನಾನು ಕುಡಿದ ಲೋಟ ಎತ್ತಿಕೊಂಡು ಹೇಳಿದಳು, "ಅದನ್ನೂ ಹೇಳಾಕ ಯಾರೂ ಇದ್ದಿಲ್ಲ."

ನಾನು ಅಳುವವಳಲ್ಲ. ಅಳಲಿಲ್ಲ. ನನ್ನ ಕಾಲ್ಬೆರಳು ನೋಡುತ್ತ ಕುಳಿತೆ. ತಪ್ಪು ನನ್ನದು ಎಂದೆ. ಹೌದು ಎಂದಳು. ಅವಳೂ ನಮ್ಮ ತವರಿನವಳೇ, ಇಲ್ಲ ಬಿಡು ಎನ್ನುವ ಜಾತಿಯಲ್ಲ.

ಊಟಕ್ಕೆ ಬಡಿಸಿದಳು. ಉಣ್ಣುವಾಗ ಕೇಳಿದೆ, "ಈಗೂ ತೋರಸಾಕ ಹೋಗಬೇಕೇನು?"

"ವರ್ಷಕ್ಕೊಮ್ಮೆ. ಬರೂ ತಿಂಗಳ ಐತಿ."

"ನಾ ಬರತೇನಿ ನಿನ್ನ ಕೂಡ. ಬಂದು ಕುಂದರತೇನಿ."

ಅವಳು ನನ್ನ ತಟ್ಟೆಗೆ ಸಾರು ಹಾಕಿದಳು.

"ಬ್ಯಾಡ ಅಕ್ಕಾ. ಈಗ ಅಂಜಿಕಿ ಇಲ್ಲ. ಮಗಳು ಬರತಾಳ."

ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಅವಳು ಕರೆದ ದಿನ ನಾನು ಹೋಗಲಿಲ್ಲ, ಈಗ ಕರೆಯದೆ ಹೋಗಿ ಕುಳಿತರೆ ಆ ಬುಧವಾರ ತುಂಬುವುದಿಲ್ಲ. ತಟ್ಟೆ ತೊಳೆದು ಇಟ್ಟು, ಮೂರು ಗಂಟೆಯ ಬಸ್ಸಿಗೆ ಹೊರಟೆ. ಅವಳು ಹೊಸ್ತಿಲ ತನಕ ಬಂದು ನಿಂತಳು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದಾಗ ಏನೋ ಹೇಳುತ್ತಿದ್ದಳು, ಬಾಯಿ ಆಡುವುದು ಕಾಣುತ್ತಿತ್ತು. ಅಷ್ಟು ದೂರಕ್ಕೆ ಅವಳ ದನಿ ಬರುವುದಿಲ್ಲ. ಬಸ್ಸು ಹೋದರೆ ಹೋಗಲಿ ಎಂದು ತಿರುಗಿ ಅವಳ ತನಕ ನಡೆದು ಹೋಗಿ ಏನು ಎಂದು ಕೇಳಿದೆ.

"ಏನಿಲ್ಲ. ಹುಷಾರು ಹೋಗು ಅಂದೆ," ಎಂದಳು.